ಗುರುವಾರ ಬೆಳಿಗ್ಗೆ ಎಂಟಕ್ಕೆ

ಅರಸೀಕೆರೆ ಕಡೆಯ ಒಂದು ಹೋಬಳಿ ಊರಿನ ಸಣ್ಣ ಕ್ಲಿನಿಕ್ಕು. 2025ರ ಅಕ್ಟೋಬರ್ 14, ಮಂಗಳವಾರ. ಕೊನೆಯ ರೋಗಿ ಹೋದ ಮೇಲೆ ವೈದ್ಯೆಯೂ ಬಹಳ ವರ್ಷಗಳಿಂದ ಅಲ್ಲೇ ಇರುವ ಕಾಂಪೌಂಡರೂ ದೀಪಾವಳಿ ರಜೆಯ ಚೀಟಿ ಹಿಡಿದು ಕೂತಿದ್ದಾರೆ.

ವೈದ್ಯೆ: ಅಣ್ಣ, ಬರೆದಿದ್ದೇನೆ. ಒಂದು ಸಲ ಓದಿ ಬಾಗಿಲಿಗೆ ಅಂಟಿಸಿಬಿಡಿ. "ದೀಪಾವಳಿ ಪ್ರಯುಕ್ತ ದಿನಾಂಕ 20ರಿಂದ 22ರವರೆಗೆ ಕ್ಲಿನಿಕ್ಕಿಗೆ ರಜೆ ಇರುತ್ತದೆ. ಮುಂದಿನ ತಿಂಗಳಿನಿಂದ ಸಂಜೆಯ ಸಮಯ 5ರಿಂದ 8ರವರೆಗೆ ಇರುತ್ತದೆ. ಸಾರ್ವಜನಿಕರು ಸಹಕರಿಸಬೇಕಾಗಿ ವಿನಂತಿ."

ಕಾಂಪೌಂಡರ್: ಬರೆದಿರೋದು ಚೆನ್ನಾಗಿದೆ ಡಾಕ್ಟ್ರಮ್ಮ. ಆದರೆ ಇದನ್ನು ಓದಿದವರು ನನಗೆ ಫೋನ್ ಮಾಡಿ ಎರಡು ಮಾತು ಕೇಳೇ ಕೇಳ್ತಾರೆ. ಇಪ್ಪತ್ತೆರಡಕ್ಕೆ ಇರ್ತೀರೋ ಇಲ್ಲವೋ? ಮತ್ತೆ ಯಾವತ್ತು ಬರಬೇಕು?

ವೈದ್ಯೆ: 22ರವರೆಗೆ ರಜೆ ಅಂದರೆ 22 ಸೇರಿತು ಅಂತ ತಾನೇ?

ಕಾಂಪೌಂಡರ್: ನಮಗೆ ಸೇರಿತು. ಗದ್ದೆಯಿಂದ ಬಂದವನಿಗೆ "ಇಪ್ಪತ್ತೆರಡರವರೆಗೆ" ಅಂದರೆ ಇಪ್ಪತ್ತೆರಡಕ್ಕೆ ತೆಗೀತಾರೆ ಅಂತಲೂ ಆಗುತ್ತೆ. ಇಬ್ಬರು ಓದಿದರೆ ಎರಡು ಅರ್ಥ. ಅದರ ಬದಲು ಬಾಗಿಲು ಯಾವಾಗ ತೆಗೀತೀವಿ ಅನ್ನೋದನ್ನೇ ಮೊದಲು ಬರೆಯಿರಿ. "ಅಕ್ಟೋಬರ್ 23, ಗುರುವಾರ ಬೆಳಿಗ್ಗೆ ಕ್ಲಿನಿಕ್ ತೆರೆಯುತ್ತದೆ." ಇದಕ್ಕೆ ಎರಡನೇ ಅರ್ಥ ಇಲ್ಲ.

ವೈದ್ಯೆ: ಸರಿ. ತಾರೀಖಿನ ಜೊತೆಗೆ ವಾರವೂ ಬೇಕು ಅಂತೀರಿ.

ಕಾಂಪೌಂಡರ್: ವಾರವೇ ಮುಖ್ಯ. ನಮ್ಮಲ್ಲಿ ಬರೋ ಮುದುಕರಿಗೆ ಇವತ್ತು ತಾರೀಖು ಎಷ್ಟು ಅಂತ ಕೇಳಿ, ಅರ್ಧ ಜನ ಹೇಳಲ್ಲ. ಸಂತೆ ಆಗಿ ಎಷ್ಟು ದಿನ ಆಯ್ತು ಅಂತ ಕೇಳಿ, ತಕ್ಷಣ ಹೇಳ್ತಾರೆ. ಇನ್ನು ತಾರೀಖನ್ನೇ ನೋಡೋ ಹುಡುಗರು ಇದ್ದಾರೆ, ಅವರಿಗೆ ತಾರೀಖು ಇರಲಿ. ಎರಡೂ ಇದ್ದರೆ ನಾವು ಬರೆಯೋದರಲ್ಲಿ ತಪ್ಪಾದರೂ ಯಾರಾದರೂ ಹಿಡೀತಾರೆ. "23 ಬುಧವಾರ" ಅಂತ ಬರೆದುಬಿಟ್ಟರೆ ಮೊದಲು ಓದಿದವನೇ ಬಂದು ಹೇಳ್ತಾನೆ.

ವೈದ್ಯೆ: ದೀಪಾವಳಿ ಅಂತ ಹಬ್ಬದ ಹೆಸರಿದೆಯಲ್ಲ, ಅದರಿಂದ ದಿನ ತಿಳಿಯೋದಿಲ್ಲವೇ?

ಕಾಂಪೌಂಡರ್: ಯಾವ ದಿನ ಅಂತ ತಿಳಿಯುತ್ತೆ ಹೇಳಿ. ಈ ಸಲ ನರಕ ಚತುರ್ದಶಿ ಸೋಮವಾರ 20ಕ್ಕೆ, ಬಲಿಪಾಡ್ಯಮಿ ಬುಧವಾರ 22ಕ್ಕೆ. ಸರ್ಕಾರಿ ರಜೆ ಆ ಎರಡು ದಿನ. ನಡುವೆ ಮಂಗಳವಾರ ಒಂದು ಉಳೀತು. ಬ್ಯಾಂಕು, ಕಚೇರಿ ನೋಡಿ ಅಭ್ಯಾಸ ಆದವರು ಮಂಗಳವಾರ ಎಲ್ಲಾ ತೆಗೆದಿರುತ್ತೆ ಅಂತಲೇ ಬರ್ತಾರೆ. ಒಂದು ಮನೆಯಲ್ಲಿ ಅಮಾವಾಸ್ಯೆ ದಿನ ಹಬ್ಬ, ಇನ್ನೊಂದು ಮನೆಯಲ್ಲಿ ಪಾಡ್ಯದ ದಿನ. ನಮ್ಮ ಮುಸಲ್ಮಾನ ರೋಗಿಗಳಿಗೆ ಈ ಲೆಕ್ಕ ಯಾಕೆ ಗೊತ್ತಿರಬೇಕು? ಹಬ್ಬದ ಹೆಸರು ಕಾರಣಕ್ಕೆ ಇರಲಿ, ದಿನ ತಿಳಿಸೋ ಕೆಲಸ ಅದಕ್ಕೆ ಒಪ್ಪಿಸಬೇಡಿ.

ವೈದ್ಯೆ: ಮೂರು ದಿನವನ್ನೂ ಬಿಡಿಬಿಡಿಯಾಗಿ ಬರೀತೀನಿ. ಸೋಮವಾರ, ಮಂಗಳವಾರ, ಬುಧವಾರ.

ಕಾಂಪೌಂಡರ್: ಮೂರಲ್ಲ, ನಾಲ್ಕು. ಭಾನುವಾರ 19ಕ್ಕೆ ನಮಗೆ ಹೇಗೂ ರಜೆ. ದಿನಾ ಬರೋರಿಗೆ ಅದು ಗೊತ್ತು, ಮೊದಲ ಸಲ ಬರೋರಿಗೆ ಗೊತ್ತಿಲ್ಲ. 20ರಿಂದ ರಜೆ ಅಂತ ಓದಿದವರು "ಹಾಗಾದರೆ ಹತ್ತೊಂಬತ್ತಕ್ಕೆ ಹೋಗಿ ಬರೋಣ" ಅಂತ ಹೊರಡ್ತಾರೆ. ಶನಿವಾರ ರಾತ್ರಿ ಬಾಗಿಲು ಹಾಕಿದರೆ ಮತ್ತೆ ಗುರುವಾರ ಬೆಳಿಗ್ಗೆಯೇ. ಅಷ್ಟು ಉದ್ದದ ಬಿಡುವು ಅಂತ ಚೀಟಿ ನೋಡಿದ ಕೂಡಲೇ ತಿಳೀಬೇಕು.

ವೈದ್ಯೆ: ಈ ಭಾನುವಾರ ನನ್ನ ಲೆಕ್ಕದಲ್ಲಿ ಇರಲೇ ಇಲ್ಲ. ಇನ್ನು ಸಂಜೆಯ ಸಮಯದ ಸಾಲು?

ಕಾಂಪೌಂಡರ್: ಅದನ್ನು ಈ ಚೀಟಿಯಿಂದ ತೆಗೆದುಬಿಡಿ. ರಜೆ ನಾಲ್ಕು ದಿನದ ಮಾತು, ಸಮಯ ಬದಲಾಗೋದು ಯಾವಾಗಲೂ ಇರೋ ಮಾತು. ಎರಡನ್ನೂ ಒಂದೇ ಕಾಗದದಲ್ಲಿ ಬರೆದರೆ ಗುರುವಾರ ಅದನ್ನು ಕಿತ್ತುಹಾಕೋ ಹಾಗಿಲ್ಲ, ಬಿಡೋ ಹಾಗೂ ಇಲ್ಲ. ರಜೆ ಮುಗಿದ ಮೇಲೂ ರಜೆಯ ಚೀಟಿ ಬಾಗಿಲ ಮೇಲಿದ್ದರೆ ರಸ್ತೆಯಿಂದಲೇ ನೋಡಿ ವಾಪಸ್ ಹೋಗೋರು ಇದ್ದಾರೆ.

ವೈದ್ಯೆ: ಹಾಗಾದರೆ ಅದಕ್ಕೆ ಬೇರೆ ಕಾಗದ. "ನವೆಂಬರ್ 3, ಸೋಮವಾರದಿಂದ ಸಂಜೆ 5ರಿಂದ 8." ಮೊದಲು 6ರಿಂದ 9 ಇತ್ತು ಅಂತಲೂ ಹಾಕಲೇ?

ಕಾಂಪೌಂಡರ್: ಬೇಡ. ಓದು ಅಷ್ಟಾಗಿ ಬಾರದವರು ಅಂಕಿಗಳನ್ನಷ್ಟೇ ಹಿಡೀತಾರೆ. ನಾಲ್ಕು ಅಂಕಿ ಇದ್ದರೆ ಯಾವ ಎರಡು ಹಿಡೀತಾರೋ ಹೇಳಕ್ಕಾಗಲ್ಲ. ಹೊಸದೊಂದೇ ಇರಲಿ. ಆದರೆ ನಾವು ಸಮಯ ಬದಲಾಯಿಸ್ತಾ ಇರೋದು ಯಾಕೆ?

ವೈದ್ಯೆ: ರಾತ್ರಿ ಕೊನೆಯ ಬಸ್ಸು ಎಂಟೂವರೆಗೆ. ಒಂಬತ್ತರವರೆಗೆ ಕೂತವರು ಆಟೋಗೆ ದುಡ್ಡು ಕೊಟ್ಟು ಹೋಗಬೇಕಾಗಿದೆ.

ಕಾಂಪೌಂಡರ್: ಅದನ್ನು ಬರೆಯಿರಿ. "ಕೊನೆಯ ಬಸ್ಸು ಸಿಗಲೆಂದು." ಕಾರಣ ಗೊತ್ತಾದರೆ ಸಮಯ ನೆನಪಿರುತ್ತೆ. ಆದರೆ ಆ ಎಂಟು ಅನ್ನೋದು ಏನು? ಎಂಟಕ್ಕೆ ಬಂದವರನ್ನು ನೋಡ್ತೀರೋ, ಎಂಟಕ್ಕೆ ದೀಪ ಆರಿಸಿ ಹೊರಡ್ತೀರೋ?

ವೈದ್ಯೆ: ಎಂಟಕ್ಕೆ ಕೊನೆಯವರನ್ನು ನೋಡಿ ಮುಗಿಸಿರಬೇಕು.

ಕಾಂಪೌಂಡರ್: ಹಾಗಾದರೆ ರೋಗಿಗೆ ಬೇಕಾದ ಗಂಟೆ ಎಂಟು ಅಲ್ಲ, ಏಳೂಕಾಲು. ಜ್ವರದ ಕಾಲದಲ್ಲಿ ಒಬ್ಬೊಬ್ಬರಿಗೆ ನೀವು ಐದಾರು ನಿಮಿಷ ತಗೋತೀರಿ. ಏಳೂಕಾಲಿಗೆ ಏಳೆಂಟು ಜನ ಕೂತಿದ್ದರೆ ಎಂಟಾಗುತ್ತೆ. ಏಳು ಮುಕ್ಕಾಲಿಗೆ ಮಗು ಎತ್ತಿಕೊಂಡು ಬಂದ ತಾಯಿಗೆ ಎಂಟರವರೆಗೆ ಅಂತ ಬೋರ್ಡೇ ಹೇಳಿರುತ್ತೆ, ನಾನು ಇಲ್ಲ ಅನ್ನಬೇಕಾಗುತ್ತೆ. ಅದು ಮುಚ್ಚಿದ ಬಾಗಿಲಿಗಿಂತ ಕಷ್ಟ. "ಟೋಕನ್ ಕೊಡುವುದು ಸಂಜೆ 7.15ರವರೆಗೆ. ಟೋಕನ್ ಪಡೆದ ಎಲ್ಲರನ್ನೂ ನೋಡಲಾಗುತ್ತದೆ." ಇದಿದ್ದರೆ ಜಗಳವಿಲ್ಲ.

ವೈದ್ಯೆ: ಮಕ್ಕಳಿಗೆ ತೀರ ಜ್ವರ ಇದ್ದರೆ ಏಳೂಕಾಲು ದಾಟಿದರೂ ಒಳಗೆ ಕಳಿಸಿ, ಅದು ಚೀಟಿಯಲ್ಲಿ ಬರೆಯೋ ಮಾತಲ್ಲ. ಸಮಯ ಬದಲಾಗಿದ್ದು ಇನ್ನೆಲ್ಲೆಲ್ಲಿ ತಿದ್ದಬೇಕು?

ಕಾಂಪೌಂಡರ್: ಗೋಡೆಯ ಬೋರ್ಡು ಪೇಂಟರ್ ಬಂದು ಮಾಡ್ತಾನೆ. ಮರೆತುಹೋಗೋದು ನಿಮ್ಮ ಚೀಟಿ ಪುಸ್ತಕ. ಕೆಳಗೆ "ಸಂಜೆ 6ರಿಂದ 9" ಅಂತ ಅಚ್ಚಾಗಿದೆ, ಇನ್ನೂ ಎರಡು ಕಟ್ಟು ಉಳಿದಿದೆ. ರೋಗಿ ಮನೆಗೆ ತಗೊಂಡು ಹೋಗೋ ಕಾಗದ ಅದೊಂದೇ. ಆರು ತಿಂಗಳಾದರೂ ಮಾತ್ರೆ ಡಬ್ಬಿಯಲ್ಲಿ ಮಡಚಿಟ್ಟಿರ್ತಾರೆ. ಬಿಸಾಡೋದು ಬೇಡ, ಹೊಸ ಸಮಯದ ರಬ್ಬರ್ ಸ್ಟ್ಯಾಂಪ್ ಮಾಡಿಸಿ. ಅದು ಬಂದ ದಿನದಿಂದಲೇ ಪ್ರತಿ ಚೀಟಿಯ ಹಳೆ ಸಾಲಿನ ಮೇಲೆ ಅಡ್ಡಗೆರೆ ಎಳೆದು ಪಕ್ಕದಲ್ಲಿ ನಾನು ಒತ್ತಿ ಕೊಡ್ತೀನಿ. "ನವೆಂಬರ್ 3ರಿಂದ" ಅಂತ ಬಾಯಲ್ಲೂ ಹೇಳ್ತೀನಿ.

ವೈದ್ಯೆ: ಗೂಗಲ್ ಮ್ಯಾಪ್‌ನಲ್ಲಿ ನಾನು ತಿದ್ದುತ್ತೇನೆ. ಅದರಲ್ಲಿ ದಿನನಿತ್ಯದ ಸಮಯ ಬೇರೆ, ಹಬ್ಬದ ದಿನಗಳ ವಿಶೇಷ ಸಮಯ ಬೇರೆ ಹಾಕಲು ಜಾಗವಿದೆ. ಹಬ್ಬದ ದಿನ ಮುಚ್ಚಿದೆ ಅಂತ ನಾವು ಹಾಕದೇ ಇದ್ದರೆ ಅದು ಎಂದಿನ ಸಮಯವನ್ನೇ ತೋರಿಸುತ್ತೆ. ನಮ್ಮೂರಲ್ಲಿ ಅದನ್ನು ಯಾರು ನೋಡ್ತಾರೆ ಅಂತ ಇಷ್ಟು ದಿನ ಬಿಟ್ಟಿದ್ದೆ.

ಕಾಂಪೌಂಡರ್: ಹಬ್ಬಕ್ಕೆ ಬೆಂಗಳೂರಿಂದ ಮಕ್ಕಳು ಬರ್ತಾರಲ್ಲ, ಅವರು ನೋಡ್ತಾರೆ. ಅಪ್ಪನಿಗೆ ಎದೆ ಉರಿ ಅಂದರೆ ಕಾರು ತೆಗೆಯೋಕೆ ಮುಂಚೆ ಮೊಬೈಲ್ ತೆಗೀತಾರೆ. ಅದರಲ್ಲಿ ತೆರೆದಿದೆ ಅಂತ ಇದ್ದು ಇಲ್ಲಿ ಬೀಗ ಇದ್ದರೆ, ಎದೆ ಉರಿಗೆ ಅರ್ಧ ಗಂಟೆ ಅಲ್ಲೇ ಹೋಯ್ತು.

ವೈದ್ಯೆ: ಅದಕ್ಕೇ ಚೀಟಿಯಲ್ಲಿ ಆ ನಾಲ್ಕು ದಿನ ಎಲ್ಲಿಗೆ ಹೋಗಬೇಕು ಅನ್ನೋದೂ ಇರಲಿ. ಎದೆ ನೋವು, ಉಸಿರಾಟದ ತೊಂದರೆ, ಸುಟ್ಟ ಗಾಯ, ಹಾವು ಅಥವಾ ನಾಯಿ ಕಡಿತ, ಇವುಗಳಿಗೆ ಕಾಯಬಾರದು. ಅರಸೀಕೆರೆ ಸರ್ಕಾರಿ ಆಸ್ಪತ್ರೆ, ಆಂಬುಲೆನ್ಸ್‌ಗೆ 108. ಪಟಾಕಿ ಹಬ್ಬ ಬೇರೆ. ಸುಟ್ಟ ಜಾಗಕ್ಕೆ ಇಪ್ಪತ್ತು ನಿಮಿಷ ಹರಿಯುವ ತಣ್ಣೀರು, ಟೂತ್‌ಪೇಸ್ಟು, ಇಂಕು ಹಚ್ಚಬಾರದು ಅಂತ ಒಂದು ಸಾಲು ಸೇರಿಸಲೇ ಅಂತ ಯೋಚನೆ.

ಕಾಂಪೌಂಡರ್: ಸೇರಿಸಬೇಡಿ ಡಾಕ್ಟ್ರಮ್ಮ. ಅದು ಬೇಕಾದ ಮಾತೇ, ಬೇರೆ ಕಾಗದಕ್ಕೆ ಬರಲಿ. ಇದರಲ್ಲಿ ಸಾಲು ಹೆಚ್ಚಾದಷ್ಟೂ ಗುರುವಾರ ಅನ್ನೋದು ಮರೆಗೆ ಹೋಗುತ್ತೆ. "ಸಾರ್ವಜನಿಕರು ಸಹಕರಿಸಬೇಕು" ಅನ್ನೋದನ್ನೂ ಬಿಡಿ, ಆ ಜಾಗದಲ್ಲಿ 108 ದಪ್ಪಗೆ ಬರಲಿ.

ವೈದ್ಯೆ: ಈಗ ಹೊಸದಾಗಿ ಬರೆದೆ, ಕೇಳಿ.

"ಕ್ಲಿನಿಕ್ ಮತ್ತೆ ತೆರೆಯುವುದು: ಅಕ್ಟೋಬರ್ 23, 2025, ಗುರುವಾರ ಬೆಳಿಗ್ಗೆ 8 ಗಂಟೆಗೆ.
ದೀಪಾವಳಿಗಾಗಿ ಮುಚ್ಚಿರುವ ದಿನಗಳು: ಭಾನುವಾರ 19, ಸೋಮವಾರ 20, ಮಂಗಳವಾರ 21, ಬುಧವಾರ 22.
ಅದಕ್ಕೆ ಮೊದಲು ತೆರೆದಿರುವ ಕೊನೆಯ ದಿನ: ಶನಿವಾರ 18, ರಾತ್ರಿ 9ರವರೆಗೆ.
ತುರ್ತು ಇದ್ದರೆ ಅರಸೀಕೆರೆ ಸರ್ಕಾರಿ ಆಸ್ಪತ್ರೆ. ಆಂಬುಲೆನ್ಸ್ 108."

ಎಂದಿನಂತೆ ಒಂಬತ್ತಕ್ಕಲ್ಲದೆ ಆ ಗುರುವಾರ ಎಂಟಕ್ಕೇ ಬರೋಣ. ನಾಲ್ಕು ದಿನದ ಜನ ಒಟ್ಟಿಗೆ ಬಂದಿರುತ್ತಾರೆ.

ಕಾಂಪೌಂಡರ್: ಇದು ಸರಿ. ವರ್ಷ ಹಾಕಿದ್ದು ಒಳ್ಳೇದಾಯ್ತು. ವಾಟ್ಸಾಪ್‌ನಲ್ಲಿ ಬಂದದ್ದನ್ನು ಜನ ಮುಂದಿನ ದೀಪಾವಳಿಗೂ ಕಳಿಸ್ತಾ ಇರ್ತಾರೆ. ಆದರೆ ಇದನ್ನು ಬಾಗಿಲಿಗೆ ಅಂಟಿಸೋದರಿಂದ ಏನೂ ಆಗಲ್ಲ.

ವೈದ್ಯೆ: ಏನೂ ಆಗಲ್ಲವೇ? ಇಷ್ಟೆಲ್ಲ ತಿದ್ದಿದ ಮೇಲೆ?

ಕಾಂಪೌಂಡರ್: ಬಾಗಿಲ ಮೇಲಿನ ಚೀಟಿ ಓದೋದು ಯಾರು? ಆಗಲೇ ಬಾಗಿಲಿಗೆ ಬಂದವರು. ಬಸ್ಸಿನ ದುಡ್ಡು ಖರ್ಚಾಗಿದೆ, ಒಂದು ದಿನದ ಕೂಲಿ ಹೋಗಿದೆ. ಇಲ್ಲಿ ಓದೋದಕ್ಕಿಂತ ಹೊರಡೋ ಜಾಗದಲ್ಲಿ ಓದಬೇಕು. ನಮ್ಮ ಸುತ್ತಿನ ಪ್ರತಿ ಹಳ್ಳಿಯಲ್ಲೂ ಹಾಲಿನ ಡೈರಿ ಇದೆ. ಬೆಳಿಗ್ಗೆ ಸಂಜೆ ಹಸು ಇದ್ದ ಮನೆಯಿಂದೆಲ್ಲ ಒಬ್ಬರು ಅಲ್ಲಿ ನಿಂತಿರ್ತಾರೆ, ಕ್ಯಾನಿನ ಮುಂದೆ ಸಾಲಲ್ಲಿ. ಗೋಡೆಯಲ್ಲಿರೋದನ್ನು ಓದೋಕೆ ಅವರಿಗೆ ಸಮಯ ಇರುತ್ತೆ. ಓದು ಬಾರದವರಿಗೆ ಪಕ್ಕದವರು ಓದಿ ಹೇಳ್ತಾರೆ. ನಾಳೆ ಬೆಳಿಗ್ಗೆ ಹಾಲಿನ ಗಾಡಿಯ ಹುಡುಗನ ಕೈಲಿ ಹತ್ತು ಪ್ರತಿ ಕೊಟ್ಟರೆ ಹತ್ತೂರಿಗೆ ಮುಟ್ಟುತ್ತೆ. ಬಸ್ ಸ್ಟ್ಯಾಂಡಿನ ಟೀ ಹೋಟೆಲಿಗೆ ಒಂದು, ಎದುರಿನ ಮೆಡಿಕಲ್ ಶಾಪಿಗೆ ಒಂದು.

ವೈದ್ಯೆ: ವಾಟ್ಸಾಪ್‌ನಲ್ಲಿ ಸ್ಟೇಟಸ್ ಹಾಕಿದರೆ ಇಷ್ಟು ಓಡಾಟ ಇರಲ್ಲ.

ಕಾಂಪೌಂಡರ್: ಸ್ಟೇಟಸ್ ಇಪ್ಪತ್ನಾಲ್ಕು ಗಂಟೆಗೆ ಮಾಯ. ಬ್ರಾಡ್‌ಕಾಸ್ಟ್ ಅಂತ ಒಟ್ಟಿಗೆ ಕಳಿಸಿದರೂ ನಮ್ಮ ನಂಬರನ್ನು ಫೋನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಹೋಗುತ್ತೆ ಅಂತ ನಮ್ಮ ಮಗಳು ತೋರಿಸಿಕೊಟ್ಟಳು. ಎಷ್ಟು ಜನ ಉಳಿಸಿಕೊಂಡಿದ್ದಾರೆ? ಕಳಿಸೋದು ಬೇಡ ಅಂತಲ್ಲ. ಬಣ್ಣದ ಚಿತ್ರ ಮಾಡಿ ಕಳಿಸೋ ಬದಲು ನೀವೇ ಮಾತಾಡಿ ಕಳಿಸಿ. ಅರ್ಧ ನಿಮಿಷ ಸಾಕು. ಅಜ್ಜಿಯರಿಗೆ ನಿಮ್ಮ ದನಿ ಗೊತ್ತು, ಮೊಮ್ಮಗ ಒತ್ತಿ ಕೇಳಿಸ್ತಾನೆ.

ವೈದ್ಯೆ: ಮಾತಾಡ್ತೀನಿ. ನನಗೆ ಬೇರೆ ಒಂದು ಚಿಂತೆ ಇದೆ ಅಣ್ಣ. ಇದೆಲ್ಲ ಊರಿಗೆ ಹೇಳೋ ಮಾತು. ಆದರೆ ಆ ನಾಲ್ಕು ದಿನಗಳಲ್ಲೇ ಬರಬೇಕಾದವರು ಕೆಲವರಿದ್ದಾರೆ. ನಾವೇ ಬರಹೇಳಿದವರು. ಅವರು ಚೀಟಿ ನೋಡಿ ರಜೆ ಅಂತ ಸುಮ್ಮನಾಗಿಬಿಟ್ಟರೆ ಅದು ಇನ್ನೂ ಕೆಟ್ಟದ್ದು. ರಿಜಿಸ್ಟರ್ ತೆಗೆಯಿರಿ.

ಕಾಂಪೌಂಡರ್: ನಾಯಿ ಕಚ್ಚಿದ ಹುಡುಗ ಒಬ್ಬ. ನಿನ್ನೆ, 13ರ ಸೋಮವಾರ, ಮೊದಲ ಇಂಜೆಕ್ಷನ್ ಆಯ್ತು.

ವೈದ್ಯೆ: ನಾವು ತೋಳಿನ ಸ್ನಾಯುವಿಗೆ ಕೊಡೋದು. ಮೊದಲ ದಿನವನ್ನು ಸೊನ್ನೆ ಅಂತ ಹಿಡಿದರೆ ಆಮೇಲೆ ಮೂರು, ಏಳು, ಹದಿನಾಲ್ಕು, ಇಪ್ಪತ್ತೆಂಟನೆಯ ದಿನ. ಮೂರನೆಯದು 16, ಗುರುವಾರ. ಏಳನೆಯದು 20, ಸೋಮವಾರ. ನರಕ ಚತುರ್ದಶಿಯೇ. ಹದಿನಾಲ್ಕನೆಯದು 27ಕ್ಕೆ, ಕೊನೆಯದು ನವೆಂಬರ್ 10ಕ್ಕೆ.

ಕಾಂಪೌಂಡರ್: ಏಳನೆಯ ದಿನದ್ದನ್ನು ಶನಿವಾರವೇ ಕೊಟ್ಟುಬಿಡೋಕೆ ಆಗಲ್ವಾ?

ವೈದ್ಯೆ: ಹಿಂದಕ್ಕೆ ಎಳೆಯೋದು ಬೇಡ. ಮೂರನೆಯ ದಿನದ್ದು ಆಗಿ ಎರಡೇ ದಿನಕ್ಕೆ ಆಗುತ್ತೆ. ಗುರುವಾರದವರೆಗೆ ಮುಂದಕ್ಕೆ ತಳ್ಳೋದೂ ನನಗೆ ಒಪ್ಪಿಗೆಯಿಲ್ಲ, ಕಚ್ಚಿರೋದು ಮುಂಗೈಗೆ. ಸರ್ಕಾರಿ ಆಸ್ಪತ್ರೆಯಲ್ಲಿ ಈ ಲಸಿಕೆ ಪುಕ್ಕಟೆ ಸಿಗುತ್ತೆ. ಆದರೆ ಅಲ್ಲಿ ಸಾಮಾನ್ಯವಾಗಿ ಚರ್ಮದೊಳಗೆ ಸ್ವಲ್ಪಸ್ವಲ್ಪ ಕೊಡೋ ಕ್ರಮ, ಅದರ ದಿನಗಳು ಸೊನ್ನೆ, ಮೂರು, ಏಳು, ಇಪ್ಪತ್ತೆಂಟು. ಹದಿನಾಲ್ಕು ಇಲ್ಲ. ಮಧ್ಯದಲ್ಲಿ ಕ್ರಮ ಬದಲಾದರೆ ಮನೆಯವರು ಯಾವ ದಿನ ಎಲ್ಲಿಗೆ ಅಂತ ಗೊಂದಲಕ್ಕೆ ಬೀಳ್ತಾರೆ. ಬೇರೆ ದಾರಿಯೇ ಇಲ್ಲದಿದ್ದರೆ ಬಿಡೋದಕ್ಕಿಂತ ಅಲ್ಲಿ ಹಾಕಿಸೋದು ಮೇಲು. ಇಲ್ಲಿ ದಾರಿ ಇದೆ. ನಾನು ಊರಲ್ಲೇ ಇರ್ತೀನಿ. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಬಂದು ಕೊಟ್ಟು ಹೋಗ್ತೀನಿ.

ಕಾಂಪೌಂಡರ್: ಬಾಗಿಲು ತೆಗೆದಿದ್ದು ಕಂಡರೆ ಇನ್ನೂ ಹತ್ತು ಜನ ಬರ್ತಾರೆ.

ವೈದ್ಯೆ: ಬರಲಿ, ಬಂದವರನ್ನು ನೋಡೋಣ. ಆದರೆ ಚೀಟಿಯಲ್ಲಿ ಮಾತ್ರ ಅದು ಬೇಡ. ಒಂದು ಗಂಟೆ ತೆರೆದಿರುತ್ತೆ ಅಂತ ಬರೆದರೆ ಹನ್ನೊಂದಕ್ಕೆ ಬಂದವರಿಗೆ ಬೀಗ ಸಿಗುತ್ತೆ. ಹುಡುಗನ ತಾಯಿಗೆ ಗುರುವಾರದ ಇಂಜೆಕ್ಷನ್ ಹಾಕುವಾಗಲೇ ಬಾಯಲ್ಲಿ ಹೇಳಿ, ಕಾರ್ಡಿನಲ್ಲೂ ಬರೆದುಕೊಡ್ತೀನಿ. ಭಾನುವಾರ ಸಂಜೆ ನೀವೊಂದು ಫೋನ್ ಮಾಡಿ.

ಕಾಂಪೌಂಡರ್: ಲಸಿಕೆಯ ಫ್ರಿಜ್ಜು? ಹಬ್ಬದಲ್ಲಿ ಕರೆಂಟು ಹೋದರೆ ನಾಲ್ಕು ದಿನ ನೋಡೋರಿಲ್ಲ.

ವೈದ್ಯೆ: ಎರಡರಿಂದ ಎಂಟು ಡಿಗ್ರಿ ಒಳಗೇ ಇರಬೇಕು. ಸೋಮವಾರ ನಾನೇ ನೋಡ್ತೀನಿ, ಭಾನುವಾರ ಮತ್ತು ಮಂಗಳವಾರ ನೀವು ಒಂದು ಸಲ ಇಣುಕಿ ತಾಪಮಾನ ಬರೆದಿಡಿ. ಮುಂದೆ ಯಾರು?

ಕಾಂಪೌಂಡರ್: ಎದೆಯ ವಾಲ್ವಿನ ಹುಡುಗಿ. ಇಪ್ಪತ್ತೊಂದು ದಿನಕ್ಕೊಮ್ಮೆ ಪೆನಿಸಿಲಿನ್. ಕೊನೆಯದು ಸೆಪ್ಟೆಂಬರ್ 29ಕ್ಕೆ ಆಗಿದೆ. ಎಣಿಸಿದರೆ ಅದೂ 20ಕ್ಕೇ ಬರುತ್ತೆ.

ವೈದ್ಯೆ: ಅವಳನ್ನು ಶನಿವಾರವೇ ಕರೆಸಿ. ಸಂಧಿವಾತದ ಜ್ವರದಿಂದ ವಾಲ್ವು ಕೆಟ್ಟಿರೋ ಮಕ್ಕಳಲ್ಲಿ ಈ ಇಂಜೆಕ್ಷನ್ ತಡವಾದರೆ ರಕ್ತದಲ್ಲಿ ಔಷಧಿ ಇಳಿದುಹೋಗುತ್ತೆ, ಗಂಟಲು ಸೋಂಕು ಬಂದರೆ ಜ್ವರ ಮತ್ತೆ ಕೆರಳಿ ವಾಲ್ವು ಇನ್ನಷ್ಟು ಹಾಳಾಗುತ್ತೆ. ಎರಡು ದಿನ ಮುಂಚೆ ಆದರೆ ತೊಂದರೆಯಿಲ್ಲ. ಅಲ್ಲಿಂದ ಮುಂದಿನ ಇಪ್ಪತ್ತೊಂದು ಎಣಿಸಿ ಕಾರ್ಡಿನಲ್ಲಿ ಬರೆಯಬೇಕು, ನವೆಂಬರ್ 8, ಶನಿವಾರ ಅಂತ.

ಕಾಂಪೌಂಡರ್: ಡ್ರೆಸ್ಸಿಂಗಿನವರು ಇಬ್ಬರು. ಅವರ ಮನೆ ಇಲ್ಲೇ, ನಾನು ಹೋಗಿ ಬದಲಾಯಿಸಿ ಬರ್ತೀನಿ. ಸಕ್ಕರೆ ಕಾಯಿಲೆಯ ಕಾಲು ಅವರದ್ದು, ಬಿಡೋ ಹಾಗಿಲ್ಲ. ಇನ್ನು ಬಿ.ಪಿ., ಶುಗರಿನವರು. ಇದು ದೊಡ್ಡ ಪಟ್ಟಿ.

ವೈದ್ಯೆ: ಅವರಿಗೆಲ್ಲ ನಾನು ಒಂದೊಂದು ತಿಂಗಳಿಗೆ ಬರೆದುಕೊಟ್ಟಿರೋದು. ಕಳೆದ ತಿಂಗಳು 18ರಿಂದ 22ರ ನಡುವೆ ಬಂದವರ ಮಾತ್ರೆ ಸರಿಯಾಗಿ ಈ ರಜೆಯಲ್ಲೇ ಮುಗಿಯುತ್ತೆ. ಮುಗಿದರೂ ಏನೂ ಅನ್ನಿಸೋದಿಲ್ಲ, ಅದೇ ಅಪಾಯ. ಮೂರು ದಿನ ಬಿಟ್ಟೆ, ಚೆನ್ನಾಗೇ ಇದ್ದೇನೆ ಅಂತ ಬಿಟ್ಟೇಬಿಡ್ತಾರೆ.

ಕಾಂಪೌಂಡರ್: ಇಲ್ಲಿ ಹದಿನೇಳು ಹೆಸರಿದೆ. ಹನ್ನೆರಡು ಜನರ ಫೋನ್ ಇದೆ. ಉಳಿದ ಐವರಲ್ಲಿ ಮೂವರು ಒಂದೇ ಊರವರು, ಅಲ್ಲಿನ ಆಶಾ ಕಾರ್ಯಕರ್ತೆಗೆ ಹೇಳಿದರೆ ಮನೆಗೆ ಹೋಗಿ ತಿಳಿಸ್ತಾರೆ.

ವೈದ್ಯೆ: ಶನಿವಾರದೊಳಗೆ ಬಂದು ಹೋಗಲಿ. ಬರಲಾಗದವರಿಗೆ ಹಳೆ ಚೀಟಿ ತೋರಿಸಿದರೆ ಒಂದು ವಾರದ ಮಾತ್ರೆ ಕೊಡಿ ಅಂತ ಮೆಡಿಕಲ್ ಶಾಪಿಗೆ ಹೆಸರುಗಳ ಸಮೇತ ನಾನೇ ಬರೆದುಕೊಡ್ತೀನಿ. ಇಂದಿನಿಂದ ಹೊಸದಾಗಿ ಬರೆಯೋರಿಗೆ ತಿಂಗಳಿಗೆ ಬದಲು ಐದು ವಾರ ಬರೀತೀನಿ. ಆಗ ಮುಂದಿನ ಯಾವ ಹಬ್ಬ ಬಂದರೂ ಐದು ದಿನ ಕೈಯಲ್ಲಿರುತ್ತೆ.

ಕಾಂಪೌಂಡರ್: ಇಷ್ಟು ಮಾಡಿದ ಮೇಲೂ ಬಂದು ಹೋಗೋರು ಇರ್ತಾರೆ ಡಾಕ್ಟ್ರಮ್ಮ. ನಮಗೆ ಗೊತ್ತಾಗೋದೇ ಇಲ್ಲ, ಬೀಗ ನೋಡಿ ಹೋದವರು ಹೇಳೋಕೆ ವಾಪಸ್ ಬರಲ್ಲ.

ವೈದ್ಯೆ: ಗುರುವಾರ ಟೋಕನ್ ಕೊಡುವಾಗ ಒಬ್ಬೊಬ್ಬರನ್ನೂ ಕೇಳಿ, ರಜೆಯಲ್ಲಿ ಬಂದು ಹೋಗಿದ್ದಿರಾ ಅಂತ. ಹೌದು ಅಂದವರ ಊರು ಬರೆದಿಡಿ. ಎದುರಿನ ಅಂಗಡಿಯವರನ್ನೂ ಕೇಳಿ, ಅವರಿಗೆ ನಮ್ಮ ಬಾಗಿಲು ಕಾಣುತ್ತೆ.

ಕಾಂಪೌಂಡರ್: ಒಂದೇ ಊರಿಂದ ಇಬ್ಬರು ಮೂವರು ಬಂದು ಹೋಗಿದ್ದರೆ ಆ ಊರಿನ ಡೈರಿಗೆ ಚೀಟಿ ಮುಟ್ಟಿಲ್ಲ ಅಂತ ಅರ್ಥ. ಬೇರೆಬೇರೆ ಊರವರು ಎಲ್ಲರೂ ಮಂಗಳವಾರವೇ ಬಂದಿದ್ದರೆ, ಚೀಟಿ ಮುಟ್ಟಿದೆ, ಓದಿದವರಿಗೆ ಮಂಗಳವಾರ ರಜೆ ಅಂತ ಅನ್ನಿಸಿಲ್ಲ.

ವೈದ್ಯೆ: ಆಗ ಸಂಕ್ರಾಂತಿಯ ಚೀಟಿ ಬೇರೆ ಥರ ಬರೀಬೇಕು. ಆ ಹತ್ತು ಪ್ರತಿ ಎಷ್ಟು ಹೊತ್ತಿಗೆ ಬೇಕು, ಹಾಲಿನ ಗಾಡಿ ಎಷ್ಟಕ್ಕೆ ಹೊರಡುತ್ತೆ?

ಕಾಂಪೌಂಡರ್: ಐದೂವರೆಗೆ. ಜೆರಾಕ್ಸ್ ಅಂಗಡಿ ಇನ್ನೂ ತೆಗೆದಿದೆ, ಈಗಲೇ ಕೊಡಿ.